ಕುತ್ತಿಗೆಗೆ ಮಚ್ಚು ಹಿಡಿದರೆ

“ಸಾರ್, ಯಾರೋ ನನ್ನ ಕುತ್ತಿಗೆಗೆ ಮಚ್ಚು ಹಿಡಿದು ‘ಅವನನ್ನ ಮುಗಿಸು, ಇಲ್ಲಾಂದ್ರೆ ನಿನ್ನ ಮುಗಿಸ್ತೀವಿ’ ಅಂದ್ರೆ? ಜೀವ ಉಳಿಸ್ಕೊಳ್ಳೋಕೆ ಮಾಡಿದ್ರೂ ನನ್ನ ಮೇಲೆ ಕೊಲೆ ಕೇಸಾ?”

ಹೌದು, ಮತ್ತು ಆ ಕೇಸು ನಿಲ್ಲುತ್ತದೆ. ಕೆ.ಜಿ. ರಸ್ತೆಯ ಕೋರ್ಟಿನ ಹೊರಗೆ ಕಾಫಿ ಕುಡಿಯುತ್ತಾ ನಾನು ಹೀಗೆಂದಾಗಲೆಲ್ಲ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. ಪ್ರಾಣಭಯ ಅಂದರೆ ಏನೆಂದು ಕಾನೂನಿಗೆ ಗೊತ್ತಿಲ್ಲ ಅಂತಲ್ಲ. ಹಳೆಯ ದಂಡ ಸಂಹಿತೆಯ 94ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 32ನೇ ಕಲಂ, ಇರುವುದೇ ಅದಕ್ಕಾಗಿ. ಆದರೆ ಅದು ಶುರುವಾಗುವುದೇ ‘ಕೊಲೆಯನ್ನು ಬಿಟ್ಟು’ ಎಂಬ ಅರ್ಥದ ಮಾತಿನಿಂದ.

ಆ ಕಲಮಿನ ವಿವರಣೆಯಲ್ಲೇ ಒಬ್ಬ ಕಮ್ಮಾರ ಬರುತ್ತಾನೆ. ದರೋಡೆಕೋರರು ಅವನನ್ನು ಹಿಡಿದು, ಕೊಲ್ಲುವುದಾಗಿ ಹೆದರಿಸಿ, ಅವನ ಕೈಲೇ ಮನೆಯ ಬಾಗಿಲು ಒಡೆಸುತ್ತಾರೆ. ಅವನು ಅಪರಾಧಿಯಲ್ಲ. ಅವನನ್ನು ನಮ್ಮ ಊರಿಗೆ ತಂದು, ಅವೆನ್ಯೂ ರಸ್ತೆಯಲ್ಲಿ ನಕಲಿ ಕೀ ಮಾಡಿಕೊಡುವವನು ಅಂದುಕೊಳ್ಳಿ. ರಾತ್ರಿ ನಾಲ್ವರು ಎತ್ತಿಹಾಕಿಕೊಂಡು ಹೋಗಿ, ಮಚ್ಚು ಹಿಡಿದು ಬೀಗ ತೆಗೆಸಿದರು. 32ನೇ ಕಲಂ ಅವನನ್ನು ಕಾಯುತ್ತದೆ. ‘ನಾಳೆ ನಿನ್ನ ನೋಡ್ಕೋತೀವಿ’ ಅಂತ ಫೋನಿನಲ್ಲಿ ಹೆದರಿಸಿದ್ದಕ್ಕೆ ಹೋಗಿ ತೆಗೆದಿದ್ದರೆ ಕಾಯುವುದಿಲ್ಲ. ಆ ಕ್ಷಣವೇ ಸಾವು ಅನ್ನುವಂಥ ಬೆದರಿಕೆ ಇರಬೇಕು, ಅದೂ ಅವನದೇ ಸಾವು. ಮಗಳ ಕುತ್ತಿಗೆಗೆ ಮಚ್ಚು ಹಿಡಿದಿದ್ದರು ಎಂಬುದು ಕಲಮಿನ ಅಕ್ಷರಕ್ಕೆ ಹೊಂದುವುದಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ, ಆದರೆ ಬರೆದಿರುವುದು ಹಾಗೆ. ಇನ್ನು, ಒದೆ ಬೀಳುತ್ತದೆ ಎಂದು ಹೆದರಿ ಗ್ಯಾಂಗಿಗೆ ತಾನೇ ಸೇರಿಕೊಂಡವನಾದರೆ ಆಮೇಲಿನ ಮಚ್ಚಿನ ಕತೆಯನ್ನು ಕೋರ್ಟು ಕೇಳುವುದೇ ಇಲ್ಲ.

ಬಾಗಿಲು ತೆರೆಯಿತು. ಒಳಗೆ ವಾಚ್‌ಮನ್ ಎದ್ದ. ಗುಂಪಿನವನೊಬ್ಬ ಕೀ ಮಾಡುವವನ ಕೈಗೆ ಚಾಕು ತುರುಕಿ ‘ಚುಚ್ಚು’ ಅಂದ. ಚುಚ್ಚಿದರೆ ಕೊಲೆ. ಅದೇ ಮಚ್ಚು, ಅದೇ ಭಯ, ಎರಡು ನಿಮಿಷದ ಅಂತರ. ವಿಚಿತ್ರವೆಂದರೆ, ವಾಚ್‌ಮನ್ನನ್ನು ಅವರೇ ಕೊಂದು, ಹೆಣ ಸಾಗಿಸಲು ಮಾತ್ರ ಇವನನ್ನು ಹಾಗೇ ಬಲವಂತ ಮಾಡಿದ್ದರೆ ಅಲ್ಲಿ ಮತ್ತೆ ರಕ್ಷಣೆ ಸಿಗಬಹುದು, ಏಕೆಂದರೆ ಸಾಕ್ಷ್ಯ ಮುಚ್ಚುವುದು ಕೊಲೆಯಲ್ಲ.

ಚಾಕುವಿನ ಹತ್ತಿರ ಮಾತ್ರ ಗೆರೆ ಯಾಕೆ? ಬೀಗ ತೆಗೆದಾಗ ಅವನು ತನ್ನ ಜೀವವನ್ನು ಇನ್ನೊಬ್ಬರ ಒಡವೆಯ ಪಕ್ಕ ಇಟ್ಟು ತೂಗಿದ, ತಕ್ಕಡಿ ಎತ್ತ ವಾಲುತ್ತದೆಂದು ಎಲ್ಲರಿಗೂ ಗೊತ್ತು. ಚುಚ್ಚಿದಾಗ ತನ್ನ ಪಾಲಿಗೆ ಬಂದ ಸಾವನ್ನು ಎತ್ತಿ ವಾಚ್‌ಮನ್ನಿನ ತಲೆಗೆ ಹಾಕಿದ. ಮಚ್ಚು ಹಿಡಿದವನಿಗೇ ತಿರುಗಿ ಚುಚ್ಚಿದ್ದರೆ ಅದು ಆತ್ಮರಕ್ಷಣೆ, ಅದರ ಲೆಕ್ಕವೇ ಬೇರೆ. ವಾಚ್‌ಮನ್ ಯಾರಿಗೂ ಏನೂ ಮಾಡಿರಲಿಲ್ಲ.

ಬೆದರಿಸುವ ಮನುಷ್ಯನೇ ಇಲ್ಲದಿದ್ದರೆ? 1884ರಲ್ಲಿ ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟ ‘ಮಿಗ್ನೊನೆಟ್’ ಎಂಬ ಸಣ್ಣ ಹಡಗು ನಡುಗಡಲಲ್ಲಿ ಮುಳುಗಿತು. ನಾಲ್ವರು ಒಂದು ದೋಣಿಯಲ್ಲಿ ಉಳಿದರು. ತಿನ್ನಲು ಎರಡು ಡಬ್ಬಿ ಟರ್ನಿಪ್ ಗಡ್ಡೆ, ಆಮೇಲೆ ಸಿಕ್ಕಿದ ಒಂದು ಆಮೆ, ಕುಡಿಯಲು ಮಳೆನೀರು. ಸುಮಾರು ಇಪ್ಪತ್ತನೇ ದಿನ ಕ್ಯಾಪ್ಟನ್ ಡಡ್ಲಿ, ಸ್ಟೀಫನ್ಸ್‌ನ ಒಪ್ಪಿಗೆಯಿಂದ, ಉಪ್ಪುನೀರು ಕುಡಿದು ನಿತ್ರಾಣನಾಗಿದ್ದ ರಿಚರ್ಡ್ ಪಾರ್ಕರ್ ಎಂಬ ಹದಿನೇಳರ ಹುಡುಗನನ್ನು ಕೊಂದ. ಉಳಿದ ಮೂವರು ಅವನನ್ನು ತಿಂದು ಬದುಕಿದರು. ನಾಲ್ಕನೇ ದಿನಕ್ಕೆ ಹಡಗೊಂದು ಬಂತು. ಕೊಲ್ಲದಿದ್ದರೆ ಅಷ್ಟು ದಿನ ಯಾರೂ ಉಳಿಯುತ್ತಿರಲಿಲ್ಲವೇನೋ ಎಂಬುದನ್ನು ಜ್ಯೂರಿಯೇ ದಾಖಲಿಸಿತ್ತು. ಆದರೂ ಲಾರ್ಡ್ ಕೋಲ್‌ರಿಜ್ ಪೀಠ ಅನಿವಾರ್ಯತೆಯ ವಾದವನ್ನು ತಳ್ಳಿಹಾಕಿತು. ಅಲ್ಲಿ ಎದ್ದ ಒಂದು ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ: ಯಾರ ಜೀವ ಹೋಗಬೇಕೆಂದು ಹೇಳುವವರು ಯಾರು? ಹೇಳಿದವನು ಬದುಕಿ ಲಾಭ ಪಡೆಯುವವನೇ. ಸತ್ತದ್ದು ಎಲ್ಲರಿಗಿಂತ ಚಿಕ್ಕವನು, ಎಲ್ಲರಿಗಿಂತ ನಿಶ್ಶಕ್ತ.

ನಮ್ಮಲ್ಲಿ ಅನಿವಾರ್ಯತೆಗೆ 19ನೇ ಕಲಂ ಇದೆ, ಹಳೆಯ 81. ಅಲ್ಲಿಯ ಉದಾಹರಣೆಯಲ್ಲಿ ಕ್ಯಾಪ್ಟನ್ನನೊಬ್ಬ, ತನ್ನ ತಪ್ಪಿಲ್ಲದೆ, ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಗುದ್ದುವ ಸ್ಥಿತಿಗೆ ಬಂದಿದ್ದಾನೆ. ಹಡಗು ತಿರುಗಿಸಿದರೆ ಇಬ್ಬರಿರುವ ದೋಣಿಗೆ ತಾಗುವ ಅಪಾಯ, ತಪ್ಪಿಸಿಕೊಂಡು ಹೋಗುವ ಸಾಧ್ಯತೆಯೂ ಇದೆ. ತಿರುಗಿಸಿ, ಆ ದೋಣಿ ಮುಳುಗಿದರೂ ಅವನು ಅಪರಾಧಿಯಲ್ಲ. ಇದನ್ನು ತೋರಿಸಿ ‘ಇಬ್ಬರನ್ನು ಕೊಂದು ಮೂವತ್ತು ಜನರನ್ನು ಉಳಿಸಬಹುದಲ್ವಾ ಸಾರ್’ ಎನ್ನುವ ಜೂನಿಯರ್‌ಗಳಿದ್ದಾರೆ. ಕಲಂ ಹೇಳುವುದು ಆ ಎಣಿಕೆಯನ್ನಲ್ಲ. ಹಾನಿಯಾಗಬಹುದೆಂದು ಗೊತ್ತಿದ್ದರೂ ಹಾನಿ ಮಾಡುವ ಉದ್ದೇಶ ಇರಬಾರದು ಅನ್ನುತ್ತದೆ. ಆ ಇಬ್ಬರು ಬದುಕಿದರೆ ಕ್ಯಾಪ್ಟನ್ನನಿಗೆ ಸಂತೋಷವೇ; ಪಾರ್ಕರ್ ಬದುಕಿದರೆ ಡಡ್ಲಿಯ ಯೋಜನೆಯೇ ಕೆಡುತ್ತಿತ್ತು.

ಡಡ್ಲಿ, ಸ್ಟೀಫನ್ಸ್ ಇಬ್ಬರಿಗೂ ಮರಣದಂಡನೆ ಹೇಳಿದರು, ಆಮೇಲೆ ರಾಣಿಯ ಹೆಸರಿನಲ್ಲಿ ಅದನ್ನು ಆರು ತಿಂಗಳ ಜೈಲಿಗೆ ಇಳಿಸಿದರು. ನಮ್ಮ ಕೀ ಮಾಡುವವನಿಗೆ ಕೊಲೆ ಸಾಬೀತಾದರೆ ನ್ಯಾಯಾಧೀಶರ ಕೈ ಕಟ್ಟಿದೆ: 103ನೇ ಕಲಮಿನಲ್ಲಿ ಜೀವಾವಧಿಗಿಂತ ಕಡಿಮೆ ಇಲ್ಲ. ಮಚ್ಚಿನ ವಿಷಯವನ್ನು ಅವನು ಮತ್ತೆ ಹೇಳಿಕೊಳ್ಳಬೇಕಾದದ್ದು ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೆ ಬರೆಯುವ ಕ್ಷಮಾದಾನದ ಅರ್ಜಿಯಲ್ಲಿ.