‘ಅಡ್ಜಸ್ಟ್ ಮಾಡಿ’ ಒಂದಕ್ಕೇ ಮೂರು ವಾರ

ದೊಡ್ಡಪ್ಪನ ಇಲಾಖಾ ವಿಚಾರಣೆ ಕಡತದ ಇಂಗ್ಲಿಷ್ ಅನುವಾದ ಕೊನೆಗೂ ಎರಡನೇ ಸಾಕ್ಷಿಯನ್ನು ದಾಟಿತು. ಅಮೆರಿಕದಲ್ಲಿರುವ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಅವರಿಗಾಗಿಯೇ ಈ ಕೆಲಸ. ದೋಷಾರೋಪ ಪಟ್ಟಿ, ಮಹಜರು ಎಲ್ಲ ಸಲೀಸಾಗಿ ಮುಗಿದಿದ್ದವು. ಸರ್ಕಾರಿ ನೌಕರರ ಶಿಸ್ತುಕ್ರಮದ ಸಿಸಿಎ 11ನೇ ನಿಯಮದ ಒಂದು ಕಡತ ನೋಡಿದವರಿಗೆ ಅದೆಲ್ಲ ಗೊತ್ತಿರುವುದೇ. ನಾನು ಸಿಕ್ಕಿಹಾಕಿಕೊಂಡಿದ್ದು ಈ ಸಾಲಿನಲ್ಲಿ:

“ಚೀಟಿಗೆ ನಾನು ಸಹಿ ಹಾಕಿದ್ದೇನೆ ಇವತ್ತು ಅಡ್ಜಸ್ಟ್ ಮಾಡಿ ಎಂದು ಸಾಹೇಬರು ಹೇಳಿದರು.”

ಮೂಲದಲ್ಲಿ ಸಾಹೇಬರ ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಅಲ್ಪವಿರಾಮವೂ ಇಲ್ಲ. ಮಾತು ಎಲ್ಲಿ ಮುಗಿಯಿತು ಅಂತ ‘ಎಂದು’ ಹೇಳುತ್ತದೆ, ಎಲ್ಲಿ ಶುರುವಾಯಿತು ಅಂತ ಹೇಳುವುದಿಲ್ಲ. ಹಾಗಾದರೆ ಸಹಿ ಹಾಕಿದ ‘ನಾನು’ ಯಾರು, ಸಾಹೇಬರಾ, ಸಾಕ್ಷಿಯಾ? ಇಂಗ್ಲಿಷಿನಲ್ಲಿ ಚಿಹ್ನೆ ಹಾಕಲೇಬೇಕು, ಹಾಕಿದ ತಕ್ಷಣ ಸಹಿ ಒಬ್ಬರ ಪಾಲಾಗುತ್ತದೆ. ಎರಡು ಪುಟ ಮುಂದೆ, ಪಾಟೀ ಸವಾಲಿನಲ್ಲಿ ಸಾಕ್ಷಿಯ ಬಾಯಲ್ಲೇ ಉತ್ತರ ಸಿಕ್ಕಿತು: “ಚೀಟಿಯ ಮೇಲಿನ ಸಹಿ ನನ್ನದಲ್ಲ.” ಆಮೇಲೇ ಆರಂಭದ ಚಿಹ್ನೆಯನ್ನು ‘ಚೀಟಿಗೆ’ ಪದಕ್ಕಿಂತ ಮೊದಲು ಇಟ್ಟೆ, ಸಹಿ ಸಾಹೇಬರದಾಯಿತು.

‘ಅಡ್ಜಸ್ಟ್’ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ನಮ್ಮಲ್ಲಿ ಅಡ್ಜಸ್ಟ್ ಮಾಡಿ ಅಂದರೆ ಹೇಗೋ ನಿಭಾಯಿಸಿ ಅಂತ, ಅಲ್ವಾ? ದೋಷಾರೋಪ ಪಟ್ಟಿಯ ಇಂಗ್ಲಿಷ್ ಭಾಗದಲ್ಲಿ ಅದೇ ಪದಕ್ಕೆ ಸ್ಟಾಕ್ ರಿಜಿಸ್ಟರ್ ತಿದ್ದುವುದು ಅಂತ ಅರ್ಥ. ಮೊದಲು ಸಾಕ್ಷಿಯ ಮಾತಿಗೆ ‘ಮ್ಯಾನೇಜ್’ ಅಂತ ಹಾಕಿದೆ. ಆಗ ಇಲಾಖೆಯ ಪರ ವಾದಿಸುವ ಮಂಡನಾಧಿಕಾರಿಯ ಮುಂದಿನ ಪ್ರಶ್ನೆ ಅರ್ಥವಾಗದೆ ಹೋಯಿತು. ಅವರು “ಸ್ಟಾಕ್ ಅಡ್ಜಸ್ಟ್ ಮಾಡಿದಿರಾ?” ಅಂತ ಕೇಳುತ್ತಾರೆ, ಸಾಕ್ಷಿ “ಮಾಡಿದೆವು, ಇದ್ದ ಸಿಮೆಂಟ್ ಮೂಟೆಯಲ್ಲೇ ಕೆಲಸ ನಡೆಸಿದೆವು” ಅನ್ನುತ್ತಾನೆ. ಇಬ್ಬರೂ ಒಂದೇ ಪದ ಆಡಿದ್ದಾರೆ, ಬೇರೆ ಬೇರೆ ಅರ್ಥದಲ್ಲಿ. ದೊಡ್ಡಪ್ಪ ಸಿಕ್ಕಿಬಿದ್ದದ್ದೇ ಅಲ್ಲಿ. ಅದನ್ನು ನಾನು ಅಳಿಸಬಾರದು.

ಆದ್ದರಿಂದ ಆ ಪದವನ್ನು ಎಲ್ಲ ಕಡೆಯೂ ಹಾಗೇ ಬಿಟ್ಟು, ಓರೆ ಅಕ್ಷರದಲ್ಲಿ ಹಾಕಿದೆ. ಮೊದಲ ಸಲ ಬಂದಲ್ಲಿ ಚೌಕ ಆವರಣದೊಳಗೆ ಎರಡೂ ಅರ್ಥ ಕೊಟ್ಟೆ, ಯಾವುದು ಸರಿ ಅಂತ ಹೇಳಲಿಲ್ಲ. ಸಾಕ್ಷಿ ತಾನೇ ಆಡಿದ ಇಂಗ್ಲಿಷ್ ಪದಗಳೆಲ್ಲ ಈಗ ಓರೆ ಅಕ್ಷರದಲ್ಲಿವೆ. ಮೂಲದಲ್ಲೇ ಇಂಗ್ಲಿಷ್ ಲಿಪಿಯಲ್ಲಿ ಟೈಪಾದ ಭಾಗಕ್ಕೆ ಅಡಿಗೆರೆ. ಹಾಗೆ ಮಾಡದಿದ್ದರೆ ಯಾರು ಯಾವ ಭಾಷೆ ಆಡಿದರು ಅಂತಲೇ ತಿಳಿಯುವುದಿಲ್ಲ.

ಸ್ಕ್ಯಾನ್ ಮಾಡಿಕೊಟ್ಟ ಅಂಗಡಿಯವರ ಮೇಲೆ ನನಗಿನ್ನೂ ಸಿಟ್ಟಿದೆ. ಎಡ ಅಂಚನ್ನು ಕತ್ತರಿಸಿಬಿಟ್ಟಿದ್ದರು. ಮೂಲ ಕಡತ ತೆಗೆದು ನೋಡಿದರೆ ‘ಅಡ್ಜಸ್ಟ್ ಮಾಡಿ’ ಸಾಲಿನ ಪಕ್ಕದಲ್ಲೇ ವಿಚಾರಣಾಧಿಕಾರಿಯ ಕೈಬರಹ: “ಸಾಕ್ಷಿಯ ಮಾತಿನಲ್ಲೇ”. ಮಿಕ್ಕ ಹೇಳಿಕೆಯೆಲ್ಲ ಅಧಿಕಾರಿ ತಮ್ಮ ವಾಕ್ಯದಲ್ಲಿ ಹೇಳಿ ಬರೆಸಿದ್ದು. ಇದೊಂದು ಮಾತ್ರ ಅವನ ಬಾಯಿಂದ ಬಂದ ಹಾಗೇ ಉಳಿದಿದೆ.

ಇದಾದ ಮೇಲೆ ಅಜ್ಜನ ಪೆಟ್ಟಿಗೆಯ ಮೋಡಿ ಲಿಪಿ ಪತ್ರಗಳು; ಅಕ್ಷರ ಕಲಿಯಲು ಪುಸ್ತಕ ತಂದಾಗಿದೆ. ಅದಕ್ಕೆ ಮುಂಚೆ ಮೂರನೇ ಸಾಕ್ಷಿ ಇದ್ದಾನೆ. ಮೂಟೆ ಎಣಿಸಿರಲಿಲ್ಲ ಅಲ್ಲವೇ ಎಂಬ ಸವಾಲಿಗೆ ಅವನ ಉತ್ತರ: “ಮೂಟೆ ಎಣಿಸಿರಲಿಲ್ಲ ಎಂದರೆ ಸರಿಯಲ್ಲ.” ಅಂದರೆ ಎಣಿಸಿದ್ದ. ಇಂಗ್ಲಿಷಿನಲ್ಲಿ ಬರೀ ‘ನೋ’ ಅಂತ ಬರೆದರೆ ಎಣಿಸಿಲ್ಲ ಅಂತಾಗಿಬಿಡುತ್ತದೆ. ಇಂಥವು ಹನ್ನೊಂದಿವೆ.