ಗೋಡೆಯ ಮೇಲೆ ಎರಡು ಬಾರಿ ಬಂದ ಪಾಚಿ ಕಲೆ: ಸಂಪಾದಕರಿಗೆ ಎರಡನೆಯ ಪತ್ರ

ಮೂರು ವಾರ ಸತಾಯಿಸಿದ ಚಿತ್ರ ನಿನ್ನೆ ರಾತ್ರಿ ಬಾಯಿ ಬಿಟ್ಟಿತು. ಪಾಂಡವಪುರದ ಕಡೆಯ ಶಾಲೆಯೊಂದರ ಕಾಂಪೌಂಡ್ ಮುಂದೆ ಆರು ಜನ ಸಾಲಾಗಿ ನಿಂತಿರುವ ಕಪ್ಪುಬಿಳುಪು ಚಿತ್ರ ಅದು. ಪತ್ರಿಕೆಯ ಮಂಡ್ಯ ಪುಟದಲ್ಲಿ 12 ಸೆಂ.ಮೀ. ಅಗಲಕ್ಕೆ ಬಂದಿತ್ತು.

ಚಿತ್ರದಿಂದ ಒಬ್ಬರನ್ನು ಅಳಿಸಿದ್ದೀರಿ ಎಂದು ಸಂಪಾದಕರಿಗೆ ಮೊದಲ ಪತ್ರವನ್ನು ನೆರಳು ನಂಬಿ ಬರೆದಿದ್ದೆ. ಎಡ ಅಂಚಿನ ಗೋಡೆಯ ಮೇಲೆ ಒಡೆಯನಿಲ್ಲದ ತಲೆಯ ನೆರಳೊಂದಿತ್ತು. ‘ಕತ್ತರಿಸಿದ್ದೇವೆ, ಅಳಿಸಿಲ್ಲ’ ಎಂದು ಉತ್ತರ ಬಂತು. ಆಮೇಲೆ ಗೆರೆ ಎಳೆದು ನೋಡಿದೆ. ಆರೂ ಜನರ ತಲೆಯಿಂದ ಅವರವರ ನೆರಳಿನ ತಲೆಗೆ ಎಳೆದ ಗೆರೆಗಳನ್ನು ಮುಂದುವರಿಸಿದರೆ ಬಲಗಡೆ ಕೆಳಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದುವಿನಿಂದ ಒಂಟಿ ನೆರಳಿನ ಮೂಲಕ ಹಿಂದಕ್ಕೆ ಎಳೆದ ಗೆರೆ ಚೌಕಟ್ಟಿನ ಎಡಕ್ಕೆ ಹೊರಹೋಯಿತು. ನೆರಳಿನವನು ನಿಂತಿದ್ದದ್ದೇ ಚಿತ್ರದ ಆಚೆ. ಉತ್ತರ ನಿಜವಾಗಿತ್ತು, ನನ್ನ ಆರೋಪ ತಪ್ಪಾಗಿತ್ತು.

ಆದರೂ ಮೂರನೆಯವರಿಗೂ ನಾಲ್ಕನೆಯವರಿಗೂ ನಡುವಿನ ತೆರಪು ನನ್ನನ್ನು ಬಿಡಲಿಲ್ಲ. ಉಳಿದವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾರೆ. ಇಲ್ಲಿ ಮಾತ್ರ 9 ಮಿ.ಮೀ. ಬರಿಯ ಗೋಡೆ. ಗೋಡೆಯನ್ನು ನಕಲು ಮಾಡಿ ಅಂಟಿಸಿದ್ದರೆ ಅದೇ ಕಲೆ ಇನ್ನೊಂದು ಕಡೆಯೂ ಇರಬೇಕು.

ತೊಡಕು ಇದ್ದದ್ದು ಮುದ್ರಣದ ಚುಕ್ಕಿಗಳಲ್ಲಿ. ನನ್ನ ಪ್ರತಿಯಲ್ಲಿ ಅಂಗುಲಕ್ಕೆ 85 ಸಾಲು ಚುಕ್ಕಿಗಳಿವೆ, ಎಂದರೆ ಇಡೀ ಚಿತ್ರದ ಅಗಲಕ್ಕೆ ಸುಮಾರು 400. 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೂ ದೊಡ್ಡದಾಗುವುದು ಚುಕ್ಕಿಯೇ ಹೊರತು ಗೋಡೆಯಲ್ಲ. ಎರಡು ವಾರ ನಾನು ಚುಕ್ಕಿಗೆ ಚುಕ್ಕಿ ಹೋಲಿಸುತ್ತಾ ಕುಳಿತಿದ್ದೆ; ಯಾವುದೂ ಹೊಂದಲಿಲ್ಲ. ಹೊಂದುವಂತೆಯೂ ಇರಲಿಲ್ಲ! ಅಳಿಸುವ ಕೆಲಸ ನಡೆಯುವುದು ಡೆಸ್ಕಿನಲ್ಲಿ, ಚುಕ್ಕಿ ಬೀಳುವುದು ಪ್ಲೇಟ್ ಮಾಡುವಾಗ. ಒಂದೇ ಕಲೆ ಎರಡು ಕಡೆ ಇದ್ದರೂ ಅದರ ಮೇಲೆ ಚುಕ್ಕಿಗಳು ಬೇರೆ ಬೇರೆ ಜಾಗದಲ್ಲಿ ಕೂರುತ್ತವೆ. ಮೊದಲು ಚುಕ್ಕಿಯನ್ನು ತೆಗೆಯಬೇಕು, ಆಮೇಲೆ ಹೋಲಿಸಬೇಕು.

ಇದರ ನಡುವೆ ಕಾಗದದ ರಗಳೆ. ಪುಟದ ಹಿಂಬದಿಯ ಅಕ್ಷರಗಳು ಸ್ಕ್ಯಾನಿನಲ್ಲಿ ತೋರದಂತೆ ಹಿಂದೆ ಇಡಲು ದಪ್ಪ ಕಪ್ಪು ಹಾಳೆ ತರಿಸಿದರೆ, ಅಂಗಡಿಯವರು ಎರಡು ಸಲವೂ ಕಳಿಸಿದ್ದು ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳುವಾದ ಕಡುನೀಲಿ ಹಾಳೆ. ಕೊನೆಗೆ ಹಳೆಯ ಆಲ್ಬಮ್ಮಿನ ಕಪ್ಪು ರಟ್ಟು ಕೈಹಿಡಿಯಿತು.

ಚಿತ್ರದಲ್ಲಿ ಮರುಕಳಿಸುವ ವಿನ್ಯಾಸಗಳನ್ನು ಬಿಡಿಸಿ ತೋರಿಸುವ ಫೂರಿಯರ್ ರೂಪದಲ್ಲಿ ಚುಕ್ಕಿಗಳು ಬೇಲಿ ಗೂಟಗಳಂತೆ ಸಮ ಅಂತರದಲ್ಲಿ ಹೊಳೆಯುತ್ತವೆ. ನಡುವಿನದನ್ನು ಬಿಟ್ಟು ಉಳಿದವನ್ನು ಮುಚ್ಚಿ ಚಿತ್ರವನ್ನು ಮರಳಿ ಪಡೆದಾಗ ಗೋಡೆ ಮಸುಕಾಗಿ, ಆದರೆ ನಿಚ್ಚಳ ಗೋಡೆಯಾಗಿಯೇ ಎದ್ದು ಬಂತು. ತೆರಪಿನಲ್ಲಿ ಕುಡುಗೋಲಿನಂತೆ ಬಾಗಿದ ಒಂದು ಪಾಚಿ ಕಲೆ, ಅದರ ತುದಿಗೆ ತಾಗಿದ ಸಣ್ಣ ಬಿರುಕು. 21 ಮಿ.ಮೀ. ಬಲಕ್ಕೆ ಅದೇ ಕುಡುಗೋಲು, ಅದೇ ಬಿರುಕು. ಎರಡನ್ನೂ ಒಂದರ ಮೇಲೊಂದು ಇಟ್ಟೆ. ಅಂಚಿಗೆ ಅಂಚು ಕೂಡಿತು. ಸುಣ್ಣದ ಗೋಡೆಯಲ್ಲಿ ಮಳೆನೀರು ಇಳಿದು ಆದ ಕಲೆ ಹೀಗೆ ತನ್ನನ್ನೇ ನಕಲು ಮಾಡುವುದಿಲ್ಲ. ನಕಲಾದ ಭಾಗ ನಿಂತ ಮನುಷ್ಯನ ಎತ್ತರಕ್ಕಿದೆ. ಮಿಕ್ಕವರ ನೆರಳು ಬೀಳುವ ಬಲಗಡೆಗೇ ಅದು ಅಗಲವಾಗಿಯೂ ಇದೆ.

ಇಷ್ಟಾದರೂ ಇದು ಹೇಳುವುದು ಏನನ್ನೋ ಮುಚ್ಚಿದ್ದಾರೆ ಎಂದು ಮಾತ್ರ. ಮುಚ್ಚಿದ್ದು ಮನುಷ್ಯನನ್ನೇ ಎಂದು ಸಾಬೀತಾಗುವುದಿಲ್ಲ. ಆದ್ದರಿಂದ ಈ ಬಾರಿ ಪತ್ರದಲ್ಲಿ ಆರೋಪವಿಲ್ಲ:

‘ಮಾನ್ಯ ಸಂಪಾದಕರೇ, ಎಡಬದಿಯ ನೆರಳಿನ ಬಗ್ಗೆ ನನ್ನ ಹಿಂದಿನ ಅನುಮಾನ ತಪ್ಪು, ಕ್ಷಮೆ ಇರಲಿ. ಈಗ ಎಡದಿಂದ ಮೂರು ಮತ್ತು ನಾಲ್ಕನೆಯವರ ನಡುವಿನ ಗೋಡೆಯ ಬಗ್ಗೆ ಕೇಳುತ್ತಿದ್ದೇನೆ. ಗುರುತು ಹಾಕಿದ ಎರಡು ಮುದ್ರಿತ ಪ್ರತಿಗಳನ್ನು ಲಗತ್ತಿಸಿದ್ದೇನೆ. ಅಲ್ಲಿ ಒಬ್ಬ ವ್ಯಕ್ತಿ ಇದ್ದರೇ? ಇದ್ದರೆ, ತೆಗೆದದ್ದು ಛಾಯಾಗ್ರಾಹಕರೋ, ಡೆಸ್ಕಿನವರೋ, ಚಿತ್ರ ಕಳಿಸಿಕೊಟ್ಟವರೋ? ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ದಯವಿಟ್ಟು ತೆರೆದು ನೋಡಿ.’

ಕತ್ತರಿಸುವುದೂ ಅಳಿಸುವುದೂ ಒಂದೇ ಚಿತ್ರದಲ್ಲಿ ಜೊತೆಗೂಡಬಹುದು. 2010ರ ಜೂನ್‌ನಲ್ಲಿ ‘ದಿ ಎಕನಾಮಿಸ್ಟ್’ ಮುಖಪುಟದಲ್ಲಿ ಲೂಸಿಯಾನ ಕಡಲತೀರದಲ್ಲಿ ಒಬಾಮ ಒಂಟಿಯಾಗಿ ತಲೆತಗ್ಗಿಸಿ ನಿಂತಿದ್ದರು. ರಾಯಿಟರ್ಸ್‌ನ ಮೂಲ ಚಿತ್ರದಲ್ಲಿ ಇನ್ನಿಬ್ಬರಿದ್ದರು. ಅಡ್ಮಿರಲ್ ಥಾಡ್ ಅಲೆನ್ ಅವರನ್ನು ಅಂಚಿನಲ್ಲಿ ಕತ್ತರಿಸಿದ್ದರು. ಸ್ಥಳೀಯ ಆಡಳಿತದ ಮುಖ್ಯಸ್ಥೆ ಶಾರ್ಲೆಟ್ ರಾಂಡಾಲ್ಫ್ ಅವರನ್ನು ಅಳಿಸಿದ್ದರು. ಪ್ರಶ್ನೆ ಎದ್ದಾಗ ಡೆಪ್ಯುಟಿ ಎಡಿಟರ್ ಎಮ್ಮಾ ಡಂಕನ್ ತಾವೇ ತೆಗೆಸಿದ್ದಾಗಿ ಒಪ್ಪಿಕೊಂಡರು. ಅಂಥದೇ ನೇರ ಉತ್ತರ ನನಗೂ ಬೇಕು.

ಕಾಯುವಷ್ಟು ದಿನ ಕೈಕಟ್ಟಿ ಕೂರುವುದಿಲ್ಲ. ಮೈಸೂರಿನ ಸ್ನೇಹಿತರೊಬ್ಬರ ಅಟ್ಟದಲ್ಲಿ ಹಳೆಯ ಸ್ಟುಡಿಯೊದ ಗಾಜಿನ ನೆಗೆಟಿವ್‌ಗಳ ಪೆಟ್ಟಿಗೆ ಸಿಕ್ಕಿದೆ. ಆಗಿನವರು ಮುಖದ ಸುಕ್ಕು ಮರೆಸಲು ನೆಗೆಟಿವ್ ಮೇಲೆಯೇ ಚೂಪಾದ ಸೀಸದಕಡ್ಡಿಯಿಂದ ತಿದ್ದುತ್ತಿದ್ದರು. ಓರೆ ಬೆಳಕಿನಲ್ಲಿ ಆ ಗೀರು ಹೊಳೆಯುತ್ತದೆ. ಮುಂದಿನ ಕೆಲಸ ಅದು.

ಪತ್ರವನ್ನು ಇಂದು ಬೆಳಿಗ್ಗೆ ಮಂಡ್ಯ ಅಂಚೆ ಕಚೇರಿಯಲ್ಲಿ ಸ್ವೀಕೃತಿ ಚೀಟಿ ಸಮೇತ ಕಳುಹಿಸಿದೆ.