ಮುಂಬೈ–ಗೋವಾ ಹಡಗು: ಎರಡು ಗಂಟೆ ನುಂಗಿದ ಮೈಲಿ

ಮುಂಬೈಯಿಂದ ಗೋವಾಕ್ಕೆ ಹಡಗಲ್ಲಿ ಹೋಗಿ, ಅಲ್ಲಿಂದ ಊರಿಗೆ ಬಸ್ಸು ಹಿಡಿಯುವ ಯೋಚನೆ ಇದ್ದರೆ, ಏಜೆಂಟ್ ಕೊಡುವ ಕಿಲೋಮೀಟರನ್ನು ನಂಬಬೇಡಿ. ನಾನು ನಂಬಿ ಹುಬ್ಬಳ್ಳಿ ಬಸ್ಸಿನ ಟಿಕೆಟ್ ದುಡ್ಡು ಕಳೆದುಕೊಂಡೆ.

ಏಜೆಂಟ್ ಕೊಟ್ಟ ಚೀಟಿಯಲ್ಲಿ ‘217 ಮೈಲಿ, 349 ಕಿ.ಮೀ., ವೇಗ 14 ನಾಟ್’ ಎಂದಿತ್ತು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಅಂತ ಗೊತ್ತಿತ್ತು. ಹಾಗಾಗಿ ಗಂಟೆಗೆ ಸುಮಾರು 26 ಕಿ.ಮೀ., ಒಟ್ಟು ಹದಿಮೂರೂವರೆ ಗಂಟೆ. ಸಂಜೆ ಆರಕ್ಕೆ ಬಿಟ್ಟರೆ ಬೆಳಿಗ್ಗೆ ಏಳೂವರೆಗೆ ಮೊರ್ಮುಗೋವಾ. ಮಡಗಾಂವ್‌ನಿಂದ ಒಂಬತ್ತೂವರೆಯ ಬಸ್ಸಿಗೆ ಧೈರ್ಯವಾಗಿ ಸೀಟು ಕಾಯ್ದಿರಿಸಿದೆ.

ಬೆಳಿಗ್ಗೆ ಎಂಟಾದರೂ ಸುತ್ತ ನೀರೇ. ಡೆಕ್ಕಿನಲ್ಲಿ ಹಗ್ಗ ಸುತ್ತುತ್ತಿದ್ದ ಮಂಗಳೂರಿನ ಹುಡುಗನಿಗೆ ಚೀಟಿ ತೋರಿಸಿದೆ. ಅವನು ನಕ್ಕುಬಿಟ್ಟ. “ಇದು ರಸ್ತೆ ಮೈಲಿ ಲೆಕ್ಕ ಅಣ್ಣಾ. ನಮ್ಮದು ನಾಟಿಕಲ್ ಮೈಲು, ಗಂಟೆಗೆ ಅಂಥದ್ದೊಂದು ಹೋದರೆ ಒಂದು ನಾಟ್. 217ನ್ನು 14ರಿಂದ ಭಾಗಿಸಿ, ಅಷ್ಟೇ.”

ಭಾಗಿಸಿದೆ: ಹದಿನೈದೂವರೆ ಗಂಟೆ. ಏಜೆಂಟ್ ಸಮುದ್ರದ ಮೈಲನ್ನು ರಸ್ತೆ ಮೈಲಿಯ 1.609ರಿಂದ ಗುಣಿಸಿದ್ದ. 1.852ರಿಂದ ಗುಣಿಸಿದ್ದರೆ 402 ಕಿ.ಮೀ. ಬರಬೇಕಿತ್ತು. ದೂರಕ್ಕೆ ಒಂದು ಮೈಲಿ, ವೇಗಕ್ಕೆ ಇನ್ನೊಂದು. ನನ್ನ ಎರಡು ಗಂಟೆ ಹೋದದ್ದು ಅಲ್ಲೇ.

ಚೀಟಿ ತಪ್ಪೆಂದು ಮೊದಲೇ ಹಿಡಿಯಬಹುದಿತ್ತು. ಒಂದು ನಾಟಿಕಲ್ ಮೈಲು ಅಂದರೆ ಹೆಚ್ಚುಕಡಿಮೆ ಅಕ್ಷಾಂಶದ ಒಂದು ಮಿನಿಟು, ಡಿಗ್ರಿಯ ಅರವತ್ತನೇ ಒಂದು ಪಾಲು. ಮುಂಬೈ ಸುಮಾರು 18 ಡಿಗ್ರಿ 55 ಮಿನಿಟಿನಲ್ಲಿದೆ, ಮೊರ್ಮುಗೋವಾ 15 ಡಿಗ್ರಿ 25ರಲ್ಲಿ. ಅಂತರ ಮೂರೂವರೆ ಡಿಗ್ರಿ, ಅಂದರೆ 210 ಮಿನಿಟು. ನೆಟ್ಟಗೆ ದಕ್ಷಿಣಕ್ಕೆ ಇಳಿದರೇ 210 ನಾಟಿಕಲ್ ಮೈಲು, 389 ಕಿ.ಮೀ. ಮತ್ತೆ 349 ಎಲ್ಲಿಂದ ಬರಬೇಕು? ರೇಖಾಂಶದ ಮಿನಿಟಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಸಮಭಾಜಕದಿಂದ ದೂರ ಹೋದಂತೆ ಅದು ಕಿರಿದಾಗುತ್ತದೆ.

ಮನೆಯವರಿಗೆ ಕಿಲೋಮೀಟರಲ್ಲೇ ಹೇಳಬೇಕೆಂದರೆ, ಎರಡರಷ್ಟು ಮಾಡಿ ನೂರು ಮೈಲಿಗೆ ಹದಿನೈದರಂತೆ ಕಳೆಯಿರಿ. 217ಕ್ಕೆ 434, ಅದರಲ್ಲಿ ಸುಮಾರು 32 ಹೋದರೆ 402. ಸಮಯಕ್ಕಾದರೆ ಕಿಲೋಮೀಟರಿನ ಗೊಡವೆಯೇ ಬೇಡ, ನಾಟಿಕಲ್ ಮೈಲನ್ನು ನಾಟ್‌ನಿಂದ ಭಾಗಿಸಿದರೆ ಸಾಕು. ಬಂದ ಉತ್ತರಕ್ಕೆ ಇನ್ನೊಂದೆರಡು ಗಂಟೆ ಸೇರಿಸಿ: 217 ನೇರ ಗೆರೆಯ ದೂರ, ಹಡಗು ಮೊದಲು ಬಂದರಿನಿಂದ ಹೊರಕ್ಕೆ ಸುತ್ತಿ ಹೋಗುತ್ತದೆ, ಬಂದರೊಳಗೆ ಆಮೆಯಂತೆ ತೆವಳುತ್ತದೆ. ನಾವು ನೆಲ ಮುಟ್ಟಿದಾಗ ಹನ್ನೊಂದು.

ಕ್ಯಾಬಿನ್ ಬಗ್ಗೆ ಹೇಳುವಂಥದ್ದೇನಿಲ್ಲ, ಎಂಜಿನ್ ಸದ್ದಿಗೆ ನಿದ್ದೆ ಬರಲಿಲ್ಲ. ಆದರೆ ವಾಸ್ಕೋ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ನಾಲ್ಕೇ ಬೆಂಚಿನ ಒಂದು ಹೋಟೆಲ್ಲಿದೆ. ತೆಳ್ಳನೆಯ ಬಟಾಣಿ ಭಾಜಿ, ಅದ್ದಿದರೂ ಮುರಿಯದ ಬಿಸಿ ಪಾವ್, ಪಕ್ಕದಲ್ಲಿ ಉದ್ದ ಮೆಣಸಿನಕಾಯಿ ಭಜ್ಜಿ. ಎರಡು ಪ್ಲೇಟು ಮುಗಿಸಿದೆ. ಹುಬ್ಬಳ್ಳಿ ಕಡೆಯ ಮಾಲೀಕರಿಗೆ ಬಸ್ಸಿನ ಗೋಳು ಹೇಳಿಕೊಂಡರೆ, “ಹೋಗಿದ್ದ್ ಹೋತ್ರೀ, ಭಾಜಿ ಆರೂದ್ರಾಗ ತಿನ್ರಿ” ಎಂದು ಇನ್ನೊಂದು ಪಾವ್ ಇಟ್ಟರು.